ಗಳಿಕೆ ಏರಿಳಿದರೂ ಸಂಬಳ ಒಂದೇ: ಫ್ರೀಲಾನ್ಸರ್ ತನಗೆ ತಾನೇ ಎಷ್ಟು ಕೊಟ್ಟುಕೊಳ್ಳಬೇಕು?

ಒಂದು ತಿಂಗಳು ಖಾತೆ ತುಂಬುತ್ತದೆ, ಮುಂದಿನ ಎರಡು ತಿಂಗಳು ಒಂದು ಪೈಸೆಯೂ ಬರುವುದಿಲ್ಲ. ಇಂಥ ಗಳಿಕೆಯಲ್ಲಿ ತಿಂಗಳಿಗೆ ಇಂತಿಷ್ಟು ಅಂತ ಸಂಬಳ ತೆಗೆದುಕೊಳ್ಳುವುದು ಹೇಗೆ? ಫ್ರೀಲಾನ್ಸ್ ಕೆಲಸ ಮಾಡುವವರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೆಚ್ಚಿನವರು ಉತ್ತರವನ್ನೂ ತಾವೇ ಜೊತೆಗಿಟ್ಟುಕೊಂಡು ಬಂದಿರುತ್ತಾರೆ: "ವರ್ಷದ ಗಳಿಕೆಯನ್ನು ಹನ್ನೆರಡರಿಂದ ಭಾಗಿಸಿ ಅಷ್ಟು ತಗೊಂಡರೆ ಆಯ್ತು, ಅಲ್ವಾ?"

ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದು ಗೊತ್ತಾದರೆ ಎಷ್ಟು ತೆಗೆದುಕೊಳ್ಳಬಹುದು ಅನ್ನುವುದೂ ಗೊತ್ತಾಗುತ್ತದೆ. ಅದನ್ನೇ ಇಲ್ಲಿ ಒಂದು ಉದಾಹರಣೆಯ ಮೂಲಕ ಹಂತ ಹಂತವಾಗಿ ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳಿಗೆ ಯಾವ ಹಣದ ಹೆಸರೂ ಹಚ್ಚಿಲ್ಲ. 1 ಅಂದರೆ ನಿಮ್ಮ ಹಣದಲ್ಲಿ ಒಂದು ಸಾವಿರ ಅಂದುಕೊಳ್ಳಿ, ಸಾಕು.

ಬೇಕಾಗುವುದು ಇಷ್ಟು: ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ (24 ತಿಂಗಳದ್ದು ಸಿಕ್ಕರೆ ಇನ್ನೂ ಒಳ್ಳೆಯದು), ಒಂದು ಸ್ಪ್ರೆಡ್‌ಶೀಟ್, ಮೂರು ಬ್ಯಾಂಕ್ ಖಾತೆ, ಮತ್ತೆ ಒಂದು ಸಂಜೆಯ ಬಿಡುವು.

ಹಂತ 1: ಮೂರು ಖಾತೆ ಮಾಡಿಕೊಳ್ಳಿ

ಮೊದಲನೆಯದಕ್ಕೆ ತೊಟ್ಟಿ ಅನ್ನೋಣ. ಕ್ಲೈಂಟ್‌ಗಳ ಹಣವೆಲ್ಲ ಬಂದು ಬೀಳುವುದು ಇಲ್ಲಿಗೆ. ಎರಡನೆಯದು ಮೀಸಲು ಖಾತೆ. ತೆರಿಗೆಗೂ ಕೆಲಸದ ಖರ್ಚಿಗೂ ತೆಗೆದಿಟ್ಟ ಹಣ ಇದರಲ್ಲಿ ಇರುತ್ತದೆ. ಮೂರನೆಯದು ಮನೆ ಖಾತೆ. ನಿಮ್ಮ ಕಾರ್ಡ್, ಬಾಡಿಗೆ, ಬಿಲ್ಲು ಎಲ್ಲವೂ ಇದಕ್ಕೆ ಮಾತ್ರ ಜೋಡಿಸಿರಬೇಕು. ತೊಟ್ಟಿಯಿಂದ ಮನೆ ಖಾತೆಗೆ ತಿಂಗಳಿಗೆ ಒಮ್ಮೆ ಹೋಗುವ ಹಣವೇ ನಿಮ್ಮ ಸಂಬಳ.

ಒಂದೇ ಖಾತೆಯಲ್ಲಿ ಮನಸ್ಸಲ್ಲೇ ಭಾಗ ಮಾಡಿಕೊಳ್ಳುತ್ತೇನೆ ಅನ್ನುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ. ಒಳ್ಳೆಯ ತಿಂಗಳಲ್ಲಿ ಖಾತೆಯಲ್ಲಿ ಕಾಣುವ ದೊಡ್ಡ ಅಂಕಿ ಪೂರ್ತಿ ಖರ್ಚಿಗೆ ಸಿಗುವ ಹಣದಂತೆ ಕಾಣುತ್ತದೆ. ಅದರಲ್ಲಿ ಮುಂದಿನ ಮೂರು ತಿಂಗಳ ಊಟವೂ ಇದೆ, ಕೊಡಬೇಕಾದ ತೆರಿಗೆಯೂ ಇದೆ ಅಂತ ಆ ಅಂಕಿ ಹೇಳುವುದಿಲ್ಲ.

ಹಂತ 2: ಬಂದ ಹಣವನ್ನು ತಿಂಗಳುವಾರು ಬರೆಯಿರಿ

ಸ್ಟೇಟ್‌ಮೆಂಟ್ ತೆರೆದು ಕೆಲಸದಿಂದ ಬಂದ ಪ್ರತಿ ಜಮೆಯನ್ನು ಅದು ಖಾತೆಗೆ ಬಿದ್ದ ತಿಂಗಳಲ್ಲಿ ಬರೆಯಿರಿ. ಇನ್‌ವಾಯ್ಸ್ ಕಳಿಸಿದ ತಿಂಗಳಲ್ಲಿ ಬರೆಯಬೇಡಿ. ಇಲ್ಲೇ ಬಹಳಷ್ಟು ಲೆಕ್ಕ ಹಾಳಾಗುತ್ತದೆ. ಇನ್‌ವಾಯ್ಸ್ ಪ್ರಕಾರ ಬರೆದರೆ ಗಳಿಕೆ ಎಷ್ಟೋ ಸಮನಾಗಿ ಕಾಣುತ್ತದೆ, ಏಕೆಂದರೆ ಕೆಲಸ ನೀವು ಹೆಚ್ಚು ಕಡಿಮೆ ಪ್ರತಿ ತಿಂಗಳೂ ಮಾಡಿರುತ್ತೀರಿ. ಏರಿಳಿತ ಇರುವುದು ಹಣ ಬರುವುದರಲ್ಲಿ. ನಾವು ಅಳೆಯಬೇಕಾದದ್ದು ಅದನ್ನೇ.

ಮುಂಗಡ ಬಂದಿದ್ದರೆ ಜಾಗ್ರತೆ. ಕೆಲಸ ನಿಂತುಹೋದರೆ ವಾಪಸ್ ಕೊಡಬೇಕಾದ ಅಡ್ವಾನ್ಸ್ ಇನ್ನೂ ನಿಮ್ಮ ಹಣವಲ್ಲ. ಅದನ್ನು ಮೀಸಲು ಖಾತೆಯಲ್ಲಿಡಿ. ಕೆಲಸ ಒಪ್ಪಿಸಿದ ತಿಂಗಳಲ್ಲಿ ಗಳಿಕೆ ಅಂತ ಬರೆದುಕೊಳ್ಳಿ.

ಉದಾಹರಣೆಗಾಗಿ ನಾನು ಕಟ್ಟಿಕೊಂಡ ವರ್ಷದಲ್ಲಿ ಬಂದ ಹಣ ಹೀಗಿದೆ: 90, 20, 0, 60, 130, 40, 10, 0, 70, 110, 30, 100. ಒಟ್ಟು 660. ನೋಡಿದರೇ ಎದೆ ಝಲ್ಲೆನ್ನುವ ಸಾಲು, ಆದರೂ ಫ್ರೀಲಾನ್ಸ್ ಮಾಡುವವರಿಗೆ ಹೊಸದೇನಲ್ಲ.

ಹಂತ 3: ನಿಮ್ಮದಲ್ಲದ ಪಾಲನ್ನು ಮೊದಲೇ ತೆಗೆಯಿರಿ

ಕಳೆದ ವರ್ಷ ಕಟ್ಟಿದ ಒಟ್ಟು ತೆರಿಗೆಯನ್ನು ಅದೇ ವರ್ಷ ಬಂದ ಒಟ್ಟು ಹಣದಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 660ಕ್ಕೆ 118 ತೆರಿಗೆ, ಅಂದರೆ ಸುಮಾರು ಶೇ 18. ಅದನ್ನು ಮೇಲಕ್ಕೆ ದುಂಡು ಮಾಡಿ ಶೇ 20 ಅನ್ನೋಣ. ಸಾಫ್ಟ್‌ವೇರ್, ಉಪಕರಣ, ಪ್ರಯಾಣ ಅಂತ ಕೆಲಸದ ಖರ್ಚು 60 ಆಗಿದೆ. ಅದು ಸುಮಾರು ಶೇ 9, ದುಂಡು ಮಾಡಿದರೆ ಶೇ 10. ಹಾಗಾಗಿ ಪ್ರತಿ ಜಮೆ ಬಿದ್ದ ದಿನವೇ ಅದರ ಶೇ 30 ಮೀಸಲು ಖಾತೆಗೆ ಹೋಗಬೇಕು. ತೊಟ್ಟಿಯಲ್ಲಿ ಉಳಿಯುವುದು ಶೇ 70.

ಈ ವರ್ಷ ಗಳಿಕೆ ಚೆನ್ನಾಗಿ ಏರಿದ್ದರೆ ಕಳೆದ ವರ್ಷದ ಪ್ರಮಾಣ ಸಾಲದೆ ಹೋಗಬಹುದು. ತೆರಿಗೆ ಹಂತ ಹಂತವಾಗಿ ಏರುವ ಕಡೆಯಲ್ಲಿ ಹೆಚ್ಚಿನ ಗಳಿಕೆಯ ಮೇಲೆ ಹೆಚ್ಚಿನ ದರ ಬೀಳುತ್ತದೆ. ಇನ್ನೊಂದು ವಿಷಯ: ಸ್ವಂತ ಹೆಸರಿನಲ್ಲಿ ಕೆಲಸ ಮಾಡುವವರಿಗೆ ಬಹಳಷ್ಟು ಕಡೆ ತೆರಿಗೆ ಬೀಳುವುದು ವರ್ಷದ ಲಾಭದ ಮೇಲೆ. ತಮಗೆ ತಾವು ಕೊಟ್ಟುಕೊಂಡ ಸಂಬಳದ ಮೇಲಲ್ಲ. ತೊಟ್ಟಿಯಲ್ಲೇ ಉಳಿದ ಹಣಕ್ಕೂ ತೆರಿಗೆ ಇರುತ್ತದೆ. ಕಂಪನಿ ನೋಂದಾಯಿಸಿ ಅದರಿಂದ ಸಂಬಳ ತೆಗೆಯುವವರ ನಿಯಮ ಬೇರೆ, ಅವರು ತಮ್ಮ ಲೆಕ್ಕಿಗರನ್ನು ಕೇಳಿಕೊಂಡೇ ಮುಂದುವರಿಯಲಿ.

ಹಂತ 4: ಕನಿಷ್ಠ ಎಷ್ಟು ಬೇಕು ಅಂತ ಕಂಡುಕೊಳ್ಳಿ

ಮನೆ ನಡೆಯಲು ಬೇಕೇ ಬೇಕಾದ ಖರ್ಚನ್ನು ಕೂಡಿ. ನಮ್ಮ ಉದಾಹರಣೆಯಲ್ಲಿ ಅದು ತಿಂಗಳಿಗೆ 23. ಇದರ ಜೊತೆಗೆ ವರ್ಷಕ್ಕೊಮ್ಮೆ ಬರುವವು ಇರುತ್ತವೆ: ವಿಮೆ, ಶಾಲೆಯ ಫೀಸು, ರಿಪೇರಿ. ಇವುಗಳ ಒಟ್ಟು 36 ಅಂದುಕೊಂಡರೆ ತಿಂಗಳಿಗೆ 3 ಆಯಿತು. ಅಲ್ಲಿಗೆ ಕನಿಷ್ಠ 26. ಈ 3ನ್ನು ಮರೆತವರು ವರ್ಷದಲ್ಲಿ ಎರಡು ಮೂರು ಸಲ ತೊಟ್ಟಿಗೆ ಕೈ ಹಾಕಲೇಬೇಕಾಗುತ್ತದೆ. ಆಮೇಲೆ ವ್ಯವಸ್ಥೆಯೇ ಸರಿಯಿಲ್ಲ ಅಂತ ಬಿಟ್ಟುಬಿಡುತ್ತಾರೆ.

ಸಂಬಳ ಈ 26ಕ್ಕಿಂತ ಕಡಿಮೆ ಆಗುವ ಹಾಗಿಲ್ಲ. ಮೇಲಿನ ಗಡಿ ಸರಾಸರಿ: 660ರ ಶೇ 70 ಅಂದರೆ 462, ಅದನ್ನು ಹನ್ನೆರಡರಿಂದ ಭಾಗಿಸಿದರೆ 38.5. ಈ ಎರಡರ ನಡುವೆ ಎಲ್ಲೋ ನಿಮ್ಮ ಸಂಬಳ ಇದೆ. ನಿಮ್ಮ ಲೆಕ್ಕದಲ್ಲಿ ಕನಿಷ್ಠವೇ ಸರಾಸರಿಗಿಂತ ಜಾಸ್ತಿ ಬಂದರೆ ಇಲ್ಲಿಗೆ ನಿಲ್ಲಿಸಿ. ಹಣವನ್ನು ಹೇಗೆ ಹಂಚಿದರೂ ಅದು ಸಾಲುವುದಿಲ್ಲ. ಮೊದಲು ದರ ಏರಿಸಬೇಕು ಅಥವಾ ಖರ್ಚು ಇಳಿಸಬೇಕು.

ಹಂತ 5: ಕಳೆದ ವರ್ಷವನ್ನು ಮತ್ತೊಮ್ಮೆ ಓಡಿಸಿ ನೋಡಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೀರಿ ಅನ್ನುವುದಾದರೆ ಇದನ್ನು ಮಾಡಿ. ಒಂದು ಸಂಬಳವನ್ನು ಊಹಿಸಿಕೊಂಡು ಕಳೆದ ವರ್ಷ ಪ್ರತಿ ತಿಂಗಳೂ ಅಷ್ಟನ್ನೇ ತೆಗೆದಿದ್ದರೆ ತೊಟ್ಟಿಯಲ್ಲಿ ಎಷ್ಟು ಇರುತ್ತಿತ್ತು ಅಂತ ಬರೆಯುತ್ತಾ ಹೋಗಿ. ಸೊನ್ನೆಯಿಂದ ಶುರು ಮಾಡಿ, ಮೈನಸ್‌ಗೆ ಇಳಿದರೆ ಇಳಿಯಲಿ.

| ತಿಂಗಳು | ಶೇ 30 ಕಳೆದು ಉಳಿದದ್ದು | ಸಂಬಳ 38 ಆದರೆ ತೊಟ್ಟಿ | ಸಂಬಳ 32 ಆದರೆ ತೊಟ್ಟಿ |
|---|---|---|---|
| 1 | 63 | 25 | 31 |
| 2 | 14 | 1 | 13 |
| 3 | 0 | -37 | -19 |
| 4 | 42 | -33 | -9 |
| 5 | 91 | 20 | 50 |
| 6 | 28 | 10 | 46 |
| 7 | 7 | -21 | 21 |
| 8 | 0 | -59 | -11 |
| 9 | 49 | -48 | 6 |
| 10 | 77 | -9 | 51 |
| 11 | 21 | -26 | 40 |
| 12 | 70 | 6 | 78 |

ಮೊದಲು 38ರ ಸಾಲು ನೋಡಿ. ವರ್ಷದ ಕೊನೆಗೆ ಎಲ್ಲ ಸರಿಹೋಗಿದೆ, 6 ಉಳಿದಿದೆ. ಆದರೆ ಎಂಟನೇ ತಿಂಗಳಲ್ಲಿ ತೊಟ್ಟಿ 59ರಷ್ಟು ಸಾಲದಲ್ಲಿದೆ. "ಹಾಗಾದರೆ ಶುರುವಿಗೆ 59 ಇಟ್ಟುಕೊಂಡರೆ ಸಾಕಲ್ವಾ" ಅನ್ನಿಸಬಹುದು. ಅದೂ ಸಾಲದು. ಮೊದಲ ತಿಂಗಳಲ್ಲೇ 63 ಬಂದದ್ದು ನಮ್ಮ ಪುಣ್ಯ. ಇದೇ ಸಂಬಳವನ್ನು ಎರಡನೇ ತಿಂಗಳಿಂದ ಶುರು ಮಾಡಿದ್ದರೆ ಎಂಟನೇ ತಿಂಗಳಿಗೆ 84ರಷ್ಟು ಕೆಳಗೆ ಇಳಿದಿರುತ್ತಿತ್ತು. ಆದ್ದರಿಂದ ನೋಡಬೇಕಾದದ್ದು ಒಂದು ಶಿಖರದಿಂದ ಅದರ ನಂತರದ ಅತಿ ತಗ್ಗಿನವರೆಗಿನ ಇಳಿತ. ಇಲ್ಲಿ 25ರಿಂದ -59ಕ್ಕೆ, ಅಂದರೆ 84. ಇದಕ್ಕೆ ದೊಡ್ಡ ಇಳಿತ ಅನ್ನೋಣ. ನೀವು ಯಾವ ತಿಂಗಳಲ್ಲಿ ಶುರು ಮಾಡಿದರೂ ತೊಟ್ಟಿ ಬರಿದಾಗದಿರಲು ಬೇಕಾದ ಹಣ ಇದು.

ಹೊಳೆಯಲ್ಲಿ ನೀರು ಏರಿಳಿದರೂ ಊರಿಗೆ ದಿನಾ ಒಂದೇ ಪ್ರಮಾಣದ ನೀರು ಕೊಡಬೇಕಾದ ಎಂಜಿನಿಯರ್‌ಗಳ ಮುಂದೆಯೂ ಇದೇ ಪ್ರಶ್ನೆ ಇತ್ತು. ಜಲಾಶಯ ಎಷ್ಟು ದೊಡ್ಡದಿರಬೇಕು ಅಂತ ಹೀಗೆಯೇ ಹಳೆಯ ಹರಿವಿನ ಲೆಕ್ಕವನ್ನು ಓಡಿಸಿ ಕಂಡುಹಿಡಿಯುವ ವಿಧಾನವನ್ನು 1883ರಲ್ಲಿ ರಿಪ್ಲ್ ಎಂಬ ಎಂಜಿನಿಯರ್ ಪ್ರಕಟಿಸಿದರು. ನಾವು ನೀರಿನ ಜಾಗದಲ್ಲಿ ಹಣ ಇಟ್ಟಿದ್ದೇವೆ ಅಷ್ಟೆ.

ಈಗ 32ರ ಸಾಲು. ದೊಡ್ಡ ಇಳಿತ ಐದನೇ ತಿಂಗಳ 50ರಿಂದ ಎಂಟನೇ ತಿಂಗಳ -11ಕ್ಕೆ, ಅಂದರೆ 61. ಸಂಬಳ 6 ಇಳಿದಿದ್ದಕ್ಕೆ ಕೂಡಿಡಬೇಕಾದ ಹಣ 23 ಇಳಿಯಿತು. ಇಷ್ಟೊಂದು ವ್ಯತ್ಯಾಸ ಯಾಕೆ ಬಂತು ಗೊತ್ತಾ? 38 ತೆಗೆದಾಗ ಐದನೇ ತಿಂಗಳ ದೊಡ್ಡ ಪೇಮೆಂಟ್ ಬಂದರೂ ತೊಟ್ಟಿ ಹಳೆಯ ಶಿಖರವಾದ 25ಕ್ಕೆ ಮುಟ್ಟಲೇ ಇಲ್ಲ, 20ಕ್ಕೆ ನಿಂತಿತು. ಹಾಗಾಗಿ ಮೂರನೇ ತಿಂಗಳ ಬರವೂ ಎಂಟನೇ ತಿಂಗಳ ಬರವೂ ಸೇರಿ ಒಂದೇ ಉದ್ದನೆಯ ಬರ ಆಯಿತು. 32 ತೆಗೆದಾಗ ಅದೇ ಪೇಮೆಂಟ್ ತೊಟ್ಟಿಯನ್ನು 50ಕ್ಕೆ ತುಂಬಿತು. ಎರಡು ಬರಗಳು ಬೇರೆ ಬೇರೆಯಾಗಿಯೇ ಉಳಿದವು.

ಸರಾಸರಿಯಷ್ಟೇ ಸಂಬಳ ಬೇಡ ಅನ್ನುವುದು ಇದಕ್ಕೇ. ಸರಾಸರಿಯನ್ನು ಪೂರ್ತಿ ತೆಗೆದುಬಿಟ್ಟರೆ ತೊಟ್ಟಿ ಒಮ್ಮೆ ತಗ್ಗಿದ ಮೇಲೆ ಮತ್ತೆ ತುಂಬಲು ಉಳಿಕೆಯೇ ಇರುವುದಿಲ್ಲ. ಸಂಬಳವನ್ನು 28ಕ್ಕೆ ಇಳಿಸಿ ನೋಡಿದರೆ ದೊಡ್ಡ ಇಳಿತ 49 ಬರುತ್ತದೆ. ಅಂದರೆ ಇನ್ನೂ 4 ಬಿಟ್ಟುಕೊಟ್ಟು ಉಳಿಸಿದ್ದು 12. ಮೊದಲಿನಷ್ಟು ಲಾಭ ಇಲ್ಲ. ಹಾಗಾಗಿ ಈ ವರ್ಷಕ್ಕೆ ನಾನಾದರೆ 32 ಆರಿಸುತ್ತೇನೆ. ಅದು ಸರಾಸರಿಯ ಸುಮಾರು ಶೇ 83. ಯಾವ ಅಂಕಿಯಿಂದ ಶುರು ಮಾಡಲಿ ಅಂತ ಕೇಳಿದರೆ ಸರಾಸರಿಯ ಶೇ 80ರಿಂದ ಶುರು ಮಾಡಿ ಅನ್ನುತ್ತೇನೆ. ಆಮೇಲೆ ನಿಮ್ಮದೇ ಅಂಕಿಗಳ ಮೇಲೆ ಎರಡು ಮೂರು ಸಲ ಆಚೀಚೆ ಮಾಡಿ ನೋಡಿ.

ಸ್ಪ್ರೆಡ್‌ಶೀಟ್‌ನಲ್ಲಿ B2ರಿಂದ B13ರವರೆಗೆ ಉಳಿದ ಹಣ ಬರೆಯಿರಿ, H1ರಲ್ಲಿ ಸಂಬಳ. ಉಳಿದದ್ದು ಹೀಗೆ:

```
C2: =B2-$H$1
D2: =MAX(0,C2)
E2: =D2-C2
C3: =C2+B3-$H$1
D3: =MAX(D2,C3)
E3: =D3-C3
H2: =MAX(E2:E13)
```

ಮೂರನೇ ಸಾಲಿನ ಸೂತ್ರಗಳನ್ನು 13ನೇ ಸಾಲಿನವರೆಗೆ ಎಳೆಯಿರಿ. H1 ಬದಲಿಸಿದಂತೆಲ್ಲ H2ರಲ್ಲಿ ದೊಡ್ಡ ಇಳಿತ ಸಿಗುತ್ತದೆ.

ಹಂತ 6: ದೊಡ್ಡ ಪೇಮೆಂಟ್ ತಡವಾದರೆ?

ಕಳೆದ ವರ್ಷ ಹೇಗಿತ್ತೋ ಮುಂದಿನ ವರ್ಷವೂ ಹಾಗೇ ಇರುತ್ತದೆ ಅಂತ ನಂಬುವ ಹಾಗಿಲ್ಲ. ಆದ್ದರಿಂದ ಒಂದು ಪೆಟ್ಟು ಕೊಟ್ಟು ನೋಡಿ: ವರ್ಷದ ಅತಿ ದೊಡ್ಡ ಪೇಮೆಂಟ್ ಎರಡು ತಿಂಗಳು ತಡವಾಗಿ ಬಂತು ಅಂದುಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ಐದನೇ ತಿಂಗಳ 91 ಏಳನೇ ತಿಂಗಳಿಗೆ ಹೋಗುತ್ತದೆ. ಆಗ 32ರ ಸಂಬಳದಲ್ಲಿ ತೊಟ್ಟಿ ಐದನೇ ತಿಂಗಳಲ್ಲಿ -41, ಆರನೇ ತಿಂಗಳಲ್ಲಿ -45. ಮೊದಲ ತಿಂಗಳ 31ರಿಂದ ಅಲ್ಲಿಗೆ ಇಳಿತ 76. ತಡವಾಗಿಯಾದರೂ ಹಣ ಪೂರ್ತಿ ಬಂದಿದೆ, ವರ್ಷದ ಗಳಿಕೆ ಒಂದು ಕಾಸೂ ಕಡಿಮೆ ಆಗಿಲ್ಲ. ಆದರೂ ಬೇಕಾದ ತೊಟ್ಟಿ 61ರಿಂದ 76ಕ್ಕೆ ಏರಿತು. ನಾನು ಫ್ರೀಲಾನ್ಸ್ ಶುರು ಮಾಡಿದ ಹೊಸದರಲ್ಲಿ ಒಬ್ಬ ಕ್ಲೈಂಟ್ ಹೀಗೇ ಎರಡು ತಿಂಗಳು ತಡ ಮಾಡಿದ್ದರು. ಆಗ ಸಾಲ ಮಾಡಬೇಕಾಯಿತು. ಅಂದಿನಿಂದ ಈ ಪೆಟ್ಟಿನ ಲೆಕ್ಕ ಹಾಕದೆ ನಾನು ಸಂಬಳ ಗೊತ್ತು ಮಾಡಿಕೊಂಡಿಲ್ಲ.

ಈ 76 ನಿಮ್ಮ ಗುರಿ ಗೆರೆ. 32ರ ಸಂಬಳಕ್ಕೆ ಅದು ಸುಮಾರು ಎರಡೂವರೆ ತಿಂಗಳ ಸಂಬಳ. ನಿಮ್ಮ ಅಂಕಿಗೆ ಒಂದೂವರೆ ತಿಂಗಳು ಬರಬಹುದು, ಐದು ತಿಂಗಳೂ ಬರಬಹುದು. "ಆರು ತಿಂಗಳದ್ದು ಇಟ್ಟುಕೊಳ್ಳಿ" ಅನ್ನುವ ಸಿದ್ಧ ಸಲಹೆಗಿಂತ ನಿಮ್ಮ ಖಾತೆಯ ಇತಿಹಾಸವೇ ಚೆನ್ನಾಗಿ ಹೇಳುತ್ತದೆ.

ಇದನ್ನೇ ಆಪತ್ತಿನ ನಿಧಿ ಅಂತ ತಿಳಿಯಬೇಡಿ. ತೊಟ್ಟಿ ಇರುವುದು ಕೆಲಸ ನಡೆಯುತ್ತಿದ್ದು ಹಣ ಹಿಂದೆ ಮುಂದೆ ಆದಾಗ. ಕಾಯಿಲೆ ಬಿದ್ದು ನಾಲ್ಕು ತಿಂಗಳು ಕೆಲಸವೇ ಮಾಡಲಾಗದಿದ್ದರೆ ಇದು ತಡೆಯುವುದಿಲ್ಲ. ಅದಕ್ಕೆ ಬೇರೆ ಉಳಿತಾಯ ಬೇಕು.

ಹಂತ 7: ತೊಟ್ಟಿ ಖಾಲಿ ಇದ್ದರೆ ಶುರು ಮಾಡುವುದು ಹೇಗೆ

76 ಕೂಡಿಟ್ಟ ಮೇಲೆ ಶುರು ಮಾಡುತ್ತೇನೆ ಅಂತ ಕಾಯುವವರು ಶುರು ಮಾಡುವುದೇ ಇಲ್ಲ. ಕನಿಷ್ಠದ ಹತ್ತಿರದ ಒಂದು ಸಂಬಳದಿಂದ ಈಗಲೇ ಶುರು ಮಾಡಿ. ನಮ್ಮ ಉದಾಹರಣೆಯಲ್ಲಿ ಅದು 28. ಮೊದಲ ಸಂಬಳವನ್ನು ಒಂದು ಒಳ್ಳೆಯ ಪೇಮೆಂಟ್ ಬಂದ ತಿಂಗಳಲ್ಲಿ ತೆಗೆಯಿರಿ. ಬರದ ತಿಂಗಳಲ್ಲಿ ಶುರು ಮಾಡಿದರೆ ಮೊದಲ ದಿನವೇ ವ್ಯವಸ್ಥೆ ಮುರಿಯುತ್ತದೆ.

28 ತೆಗೆಯುತ್ತಾ ಹೋದರೆ ಆ ವರ್ಷದಲ್ಲಿ ತೊಟ್ಟಿ ಮೂರನೇ ತಿಂಗಳಲ್ಲಿ ಮಾತ್ರ -7ಕ್ಕೆ ಇಳಿಯುತ್ತದೆ. ಅಷ್ಟನ್ನು ಕೈಯಲ್ಲಿದ್ದ ಉಳಿತಾಯದಿಂದ ಹಾಕಿ ಮುಂದಿನ ತಿಂಗಳು ವಾಪಸ್ ತೆಗೆದುಕೊಳ್ಳಬಹುದು. ಐದನೇ ತಿಂಗಳಲ್ಲಿ 70 ಆಗಿ ಗುರಿ ಗೆರೆಯ ಹತ್ತಿರ ಬರುತ್ತದೆ, ಆಮೇಲೆ 21ಕ್ಕೆ ಇಳಿಯುತ್ತದೆ. ಇಲ್ಲಿ ಗಾಬರಿ ಬೀಳಬೇಡಿ. ಹತ್ತನೇ ತಿಂಗಳಲ್ಲಿ 91 ಆಗಿ ಗೆರೆ ದಾಟುತ್ತದೆ. ಸಂಬಳ 32ಕ್ಕೆ ಏರಿಸುವ ಸಮಯ ಅದು.

ಸಂಬಳವನ್ನು ಬ್ಯಾಂಕಿನ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಮೂಲಕ ಹಾಕಿಸಿ, ಅಂದರೆ ಪ್ರತಿ ತಿಂಗಳೂ ಒಂದೇ ತಾರೀಖಿಗೆ ತಾನಾಗಿಯೇ ವರ್ಗವಾಗುವ ವ್ಯವಸ್ಥೆ. ಬಾಡಿಗೆ, ಕಂತುಗಳ ತಾರೀಖಿಗಿಂತ ಎರಡು ಮೂರು ದಿನ ಮುಂಚೆ ಇರಲಿ. ಕೈಯಾರೆ ಕಳಿಸುತ್ತಿದ್ದರೆ ಪ್ರತಿ ತಿಂಗಳೂ "ಈ ಸಲ ಸ್ವಲ್ಪ ಜಾಸ್ತಿ ತೆಗೆಯೋಣ" ಅನ್ನುವ ಮಾತು ಮನಸ್ಸಿಗೆ ಬಂದೇ ಬರುತ್ತದೆ.

ಒಂದು ವರ್ಷದ ದಾಖಲೆಯೂ ಇಲ್ಲದ ಹೊಸಬರು ಲೆಕ್ಕದ ಗೊಡವೆಗೆ ಹೋಗದೆ ಕನಿಷ್ಠವನ್ನಷ್ಟೇ ತೆಗೆಯಲಿ. ಹನ್ನೆರಡು ತಿಂಗಳು ತುಂಬಿದ ಮೇಲೆ ಹಂತ 5ಕ್ಕೆ ಬರಬಹುದು.

ಹಂತ 8: ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು

ಸಂಬಳವನ್ನು ಮೂರು ತಿಂಗಳಿಗೊಮ್ಮೆ ಮಾತ್ರ ಮುಟ್ಟಿ. ಆಗ ಹಳೆಯ ಮೂರು ತಿಂಗಳನ್ನು ಬಿಟ್ಟು ಹೊಸ ಮೂರನ್ನು ಸೇರಿಸಿ ಲೆಕ್ಕವನ್ನು ಮತ್ತೆ ಓಡಿಸಿ. 24 ತಿಂಗಳ ದಾಖಲೆ ಇದ್ದರೆ ಅದನ್ನೇ ಬಳಸಿ. ಒಂದು ವರ್ಷದಲ್ಲಿ ಕಾಣದ ಬರ ಎರಡರಲ್ಲಿ ಕಾಣುತ್ತದೆ.

ಮೊದಲ ಏರಿಕೆ ಗುರಿ ಗೆರೆ ದಾಟಿದ ಪರಿಶೀಲನೆಯಲ್ಲೇ ಆಗಲಿ. ಆಮೇಲಿನ ಏರಿಕೆಗಳಿಗೆ ನನ್ನ ನಿಯಮ ಸ್ವಲ್ಪ ಬಿಗಿ: ಸತತ ಎರಡು ಪರಿಶೀಲನೆಗಳಲ್ಲಿ ತೊಟ್ಟಿ ಗೆರೆಯ ಮೇಲಿರಬೇಕು, ಜೊತೆಗೆ ಹೊಸ ಲೆಕ್ಕವೂ ಒಪ್ಪಬೇಕು. ಒಂದೇ ಒಂದು ದೊಡ್ಡ ಕೆಲಸ ಸಿಕ್ಕಿತು ಅಂತ ಏರಿಸಿದ ಸಂಬಳವನ್ನು ಮತ್ತೆ ಇಳಿಸುವುದು ಮನೆಯವರಿಗೆಲ್ಲ ಕಷ್ಟ. ತೊಟ್ಟಿ ಗೆರೆಗಿಂತ ಎರಡು ತಿಂಗಳ ಸಂಬಳದಷ್ಟು ಮೇಲೆ ಹೋದರೆ, ನಮ್ಮ ಲೆಕ್ಕದಲ್ಲಿ 140 ದಾಟಿದರೆ, ಹೆಚ್ಚಾದದ್ದನ್ನು ಹೊರಗೆ ತೆಗೆಯಿರಿ. ಅರ್ಧ ದೀರ್ಘ ಕಾಲದ ಉಳಿತಾಯಕ್ಕೆ, ಅರ್ಧ ನಿಮಗೆ ಬೋನಸ್. ಸಂಬಳಕ್ಕೆ ಕೈ ಹಾಕದೆ ಒಳ್ಳೆಯ ವರ್ಷದ ಖುಷಿಯನ್ನು ಅನುಭವಿಸುವ ದಾರಿ ಇದು.

ಇಳಿಸುವ ನಿಯಮವನ್ನು ಮಾತ್ರ ಇವತ್ತೇ ಬರೆದಿಡಿ. ಒಮ್ಮೆ ಗುರಿ ಗೆರೆ ಮುಟ್ಟಿದ ಮೇಲೆ ತೊಟ್ಟಿ ಒಂದು ತಿಂಗಳ ಸಂಬಳಕ್ಕಿಂತ ಕೆಳಗೆ ಇಳಿದರೆ, ಪರಿಶೀಲನೆಯ ತನಕ ಕಾಯದೆ, ಮುಂದಿನ ಸಂಬಳ 26. ತೊಟ್ಟಿ ಮತ್ತೆ ಗುರಿಯ ಅರ್ಧ ಮುಟ್ಟುವ ತನಕ ಅಷ್ಟೇ. ಬರ ಬಂದ ಮೇಲೆ ಇದನ್ನು ತೀರ್ಮಾನಿಸಲು ಕೂತರೆ "ಮುಂದಿನ ತಿಂಗಳು ಆ ಪೇಮೆಂಟ್ ಬರುತ್ತೆ" ಅನ್ನುವ ಆಸೆಯೇ ಗೆಲ್ಲುತ್ತದೆ.

ಇನ್ನು, ಇದು ಬರೀ ಏರಿಳಿತವೋ ಅಥವಾ ಗಳಿಕೆಯೇ ಕುಸಿಯುತ್ತಿದೆಯೋ ಅಂತ ತಿಳಿಯುವುದು ಹೇಗೆ? ತಗ್ಗುಗಳನ್ನು ನೋಡಬೇಡಿ, ಅವು ಯಾವಾಗಲೂ ಹೆದರಿಸುತ್ತವೆ. ಶಿಖರಗಳನ್ನು ನೋಡಿ. ದೊಡ್ಡ ಪೇಮೆಂಟ್ ಬಂದಾಗ ತೊಟ್ಟಿ ಎಲ್ಲಿಗೆ ಏರುತ್ತದೆ ಅಂತ ಪ್ರತಿ ಸಲ ಬರೆದಿಟ್ಟುಕೊಳ್ಳಿ. 32ರ ಸಾಲಿನಲ್ಲಿ ಅದು 31, 50, 51, 78. ತಗ್ಗುಗಳ ನಡುವೆಯೂ ಶಿಖರ ಏರುತ್ತಿದೆ, ಸಂಬಳ ಸರಿಯಾಗಿದೆ. ನಿಮ್ಮ ಸಾಲಿನಲ್ಲಿ 80, 66, 51 ಅಂತ ಮೂರು ಶಿಖರ ಸತತವಾಗಿ ಇಳಿದರೆ ತೊಟ್ಟಿಯಲ್ಲಿ ಇನ್ನೂ ಹಣ ಇರುವಾಗಲೇ ಸಂಬಳವನ್ನು ಒಂದು ಮೆಟ್ಟಿಲು ಇಳಿಸಿ, ಹೊಸ ಕೆಲಸ ಹುಡುಕಲು ಶುರು ಮಾಡಿ. ಆಗ ನಿಮ್ಮ ಕೈಯಲ್ಲಿ ಒಂದೆರಡು ತಿಂಗಳಾದರೂ ಇರುತ್ತದೆ, ಸಿಕ್ಕ ಕೆಲಸವನ್ನೆಲ್ಲ ಸಿಕ್ಕ ದರಕ್ಕೆ ಒಪ್ಪಿಕೊಳ್ಳಬೇಕಾಗುವುದಿಲ್ಲ.